ಮಾನಿಟರ್ ಕೊಳ್ಳುವ ಮೊದಲು ಟೇಪು ಹಿಡಿದು ದೂರ ಅಳೆಯಿರಿ

ಪ್ರಶ್ನೆ: ಹಳೆಯ 22 ಇಂಚಿನ ಮಾನಿಟರ್ ಬದಲಿಸಿ 27 ಇಂಚಿನ ಫುಲ್ ಎಚ್‌ಡಿ ತಂದೆ. ಪರದೆ ದೊಡ್ಡದಾಯಿತು, ಆದರೆ ಅಕ್ಷರ ಮೊದಲಿಗಿಂತ ಮಬ್ಬು. ದಿನವಿಡೀ ಕನ್ನಡ ಕರಡು ತಿದ್ದುವ ಕೆಲಸ ನನ್ನದು, ಸಂಜೆಗೆ ಕಣ್ಣು ಕಿರಿದು ಮಾಡಿಕೊಂಡೇ ಓದುತ್ತಿರುತ್ತೇನೆ. 4ಕೆ ತೊಗೊಂಡರೆ ಅಕ್ಷರ ಇನ್ನೂ ಚಿಕ್ಕದಾಗುತ್ತದೆ ಅನ್ನುತ್ತಾರೆ. ಏನು ಮಾಡಲಿ?

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಎಲ್ಲರೂ ಇಂಚು ಹೇಳುತ್ತಾರೆ, ರೆಸಲ್ಯೂಶನ್ ಹೇಳುತ್ತಾರೆ. ಪರದೆಯಿಂದ ಎಷ್ಟು ದೂರ ಕೂರುತ್ತೀರಿ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅದಿಲ್ಲದೆ ಉಳಿದೆರಡಕ್ಕೂ ಅರ್ಥವಿಲ್ಲ. ಎಂದಿನಂತೆ ಬೆನ್ನು ಆನಿಸಿ ಕೂತು, ಕಣ್ಣಿನ ಹತ್ತಿರದಿಂದ ಪರದೆಯವರೆಗೆ ಟೇಪು ಹಿಡಿಯಿರಿ. ಸಾಮಾನ್ಯ ಮೇಜಿನಲ್ಲಿ 60ರಿಂದ 70 ಸೆಂ.ಮೀ. ಬರುತ್ತದೆ. ನಿಮ್ಮದು 60 ಎಂದಿಟ್ಟುಕೊಳ್ಳುತ್ತೇನೆ.

ನಿಮ್ಮ ಹಳೆಯ ಮಾನಿಟರ್ ಕೂಡ ಫುಲ್ ಎಚ್‌ಡಿ ಆಗಿದ್ದರೆ ಅದರಲ್ಲೂ ಅಡ್ಡಕ್ಕೆ 1920 ಚುಕ್ಕಿ, ಹೊಸದರಲ್ಲೂ ಅಷ್ಟೇ. ಅದೇ ಚುಕ್ಕಿಗಳನ್ನು ಹಿಗ್ಗಿಸಿ ಹರಡಿದ್ದಾರೆ, ಹಾಗಾಗಿ ಒಂದು ಇಂಚಿಗೆ ಸುಮಾರು 100 ಇದ್ದದ್ದು 82ಕ್ಕೆ ಇಳಿದಿದೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ನೋಡಬಲ್ಲದು. ಇದನ್ನು ಮೇಜಿನ ಲೆಕ್ಕಕ್ಕೆ ಇಳಿಸಿದರೆ ಸುಲಭದ ಸೂತ್ರ ಸಿಗುತ್ತದೆ: 8,700ನ್ನು ನಿಮ್ಮ ದೂರದಿಂದ (ಸೆಂ.ಮೀ.ನಲ್ಲಿ) ಭಾಗಿಸಿ. 60ರಿಂದ ಭಾಗಿಸಿದರೆ 145. ಇಂಚಿಗೆ ಅಷ್ಟು ಚುಕ್ಕಿ ಇದ್ದರೆ ಬಿಡಿಬಿಡಿ ಚುಕ್ಕಿ ಕಣ್ಣಿಗೆ ಸಿಗುವುದಿಲ್ಲ. ನಿಮ್ಮಲ್ಲಿರುವುದು 82.

ಕನ್ನಡ ಓದುವವರಿಗೆ ಈ ಕೊರತೆ ಹೆಚ್ಚು ಕಾಡುತ್ತದೆ. ಪರದೆಯ ಮೇಲೆ ‘ರಾಷ್ಟ್ರ’ ಎಂದು ಟೈಪ್ ಮಾಡಿ ನೋಡಿ. ಸಾಮಾನ್ಯ ಗಾತ್ರದ ಅಕ್ಷರದಲ್ಲಿ ಕೆಳಗಿನ ಒತ್ತಕ್ಷರಕ್ಕೆ ಸಿಗುವುದು ಐದಾರು ಚುಕ್ಕಿಗಳ ಎತ್ತರ. ಅಷ್ಟರಲ್ಲೇ ಟ-ಒತ್ತಿನ ಸುತ್ತು ಮೂಡಬೇಕು. ಇನ್ನು ‘ದ’ ಮತ್ತು ‘ಧ’ಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಚುಕ್ಕಿ ದಪ್ಪವಾಗಿದ್ದರೆ ಆ ಸೀಳು ಒಂದು ಬೂದು ಕಲೆಯಾಗಿ ಅಕ್ಷರದೊಳಗೆ ಕರಗಿಹೋಗುತ್ತದೆ. ಕರಡು ತಿದ್ದುವವರು ಅದನ್ನು ಗೆರೆಯಾಗಿ ಕಾಣಬೇಕೇ ಹೊರತು ಅಂದಾಜಿನಿಂದ ಓದಬಾರದು.

27 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ 163 ಚುಕ್ಕಿ. ನಿಮ್ಮ 145ರ ಗೆರೆ ದಾಟುತ್ತದೆ. ಅದೇ ಅಳತೆಯ 1440ಪಿ, ಅಂದರೆ 2560×1440 ಚುಕ್ಕಿಯ ಪರದೆಯಲ್ಲಿ 109. ಇಂಗ್ಲಿಷ್ ಅಕ್ಷರದ ಕೆಲಸಕ್ಕೆ, ಅದೂ 70 ಸೆಂ.ಮೀ. ದೂರದಿಂದಾದರೆ, ಇದು ನಡೆದೀತು. ನಿಮ್ಮ ಕೆಲಸಕ್ಕೆ ನಾನು ಹೇಳುವುದಿಲ್ಲ.

ಅಕ್ಷರ ಚಿಕ್ಕದಾಗುತ್ತದೆ ಎಂಬ ಭಯಕ್ಕೆ ಕಾರಣ ಅರ್ಧ ತಿಳಿವಳಿಕೆ. 4ಕೆ ಪರದೆಯನ್ನು 100% ಸ್ಕೇಲ್‌ನಲ್ಲಿ ಇಟ್ಟರೆ ಅಕ್ಷರ ನಿಜಕ್ಕೂ ಇರುವೆಯಂತೆ ಕಾಣುತ್ತದೆ. ಆಗ ಜನ ಏನು ಮಾಡುತ್ತಾರೆಂದರೆ, ಸೆಟ್ಟಿಂಗ್‌ಗೆ ಹೋಗಿ ರೆಸಲ್ಯೂಶನ್ನನ್ನೇ 1920×1080ಕ್ಕೆ ಇಳಿಸುತ್ತಾರೆ. ನನ್ನ ಪರಿಚಯದವರೊಬ್ಬರು ಹೀಗೆ ಮಾಡಿಕೊಂಡು ಎರಡು ವರ್ಷ ಓದಿದ್ದರು, ಮಧ್ಯೆ ಕನ್ನಡಕದ ನಂಬರ್ ಕೂಡ ಬದಲಿಸಿದ್ದರು. ಪರದೆ 4ಕೆ, ಆದರೆ ಕಂಪ್ಯೂಟರ್ ಅಕ್ಷರ ಬಿಡಿಸುತ್ತಿದ್ದುದು 82 ಚುಕ್ಕಿಯ ಲೆಕ್ಕದಲ್ಲಿ, ಅದನ್ನು ಮಾನಿಟರ್ ಎಳೆದು ಹಿಗ್ಗಿಸುತ್ತಿತ್ತು. ಅವರು ನೋಡುತ್ತಿದ್ದುದು ನಿಮ್ಮ ಈಗಿನ ಮಾನಿಟರನ್ನೇ. ದಯವಿಟ್ಟು ರೆಸಲ್ಯೂಶನ್ ಮುಟ್ಟಬೇಡಿ. ಅದು ಪರದೆಯ ಮೂಲ ಸಂಖ್ಯೆಯಾದ 3840×2160ರಲ್ಲೇ ಇರಲಿ. ವಿಂಡೋಸ್‌ನಲ್ಲಿ Settings > System > Displayಗೆ ಹೋಗಿ Scale ಅನ್ನು 150% ಮಾಡಿ. ಅಕ್ಷರದ ಗಾತ್ರ 27 ಇಂಚಿನ 1440ಪಿ ಪರದೆಯಲ್ಲಿ ಇರುವಷ್ಟೇ ಆಗುತ್ತದೆ, ಆದರೆ ಪ್ರತಿ ಅಕ್ಷರಕ್ಕೆ ಅದರ ಎರಡೂಕಾಲು ಪಟ್ಟು ಚುಕ್ಕಿ ಸಿಗುತ್ತದೆ. ಸಾಲದೆನಿಸಿದರೆ 175% ಮಾಡಿ, ಅದರಲ್ಲಿ ಸಂಕೋಚ ಬೇಡ. ಹಳೆಯ ಕೆಲವು ತಂತ್ರಾಂಶಗಳು ಈ ಸ್ಕೇಲ್‌ಗೆ ಒಗ್ಗುವುದಿಲ್ಲ, ಅವುಗಳ ಕಿಟಕಿಯಷ್ಟೇ ಮಸುಕಾಗಿರುತ್ತದೆ. ಆಗ ತಪ್ಪು ಆ ತಂತ್ರಾಂಶದ್ದು, ಮಾನಿಟರ್ ವಾಪಸ್ ಕಳಿಸಬೇಡಿ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಪರದೆಯ ಅಕ್ಷರದಷ್ಟೇ ಗಾತ್ರದ ಅಕ್ಷರವಿರುವ ಅಚ್ಚಾದ ಹಾಳೆಯೊಂದನ್ನು ಪರದೆಗೆ ತಾಗಿಸಿ ಹಿಡಿದು, ಒಳ್ಳೆಯ ಬೆಳಕಿನಲ್ಲಿ ಕೂತಲ್ಲಿಂದಲೇ ಓದಿ. ಹಾಳೆ ಸ್ಪಷ್ಟ, ಪರದೆ ಮಬ್ಬು ಎಂದಾದರೆ ಮೇಲೆ ಹೇಳಿದ್ದೆಲ್ಲ ನಿಮಗೆ ಅನ್ವಯಿಸುತ್ತದೆ. ಹಾಳೆಯೂ ಮಬ್ಬಾಗಿದ್ದರೆ ಯಾವ ಮಾನಿಟರೂ ನಿಮ್ಮನ್ನು ಕಾಯುವುದಿಲ್ಲ, ಕಣ್ಣು ತೋರಿಸಿಕೊಳ್ಳಬೇಕು. ನಲವತ್ತು ದಾಟಿದವರಲ್ಲಿ ಇದು ಮಾಮೂಲು. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರದ ಪುಸ್ತಕಕ್ಕೆ ಹೊಂದಿಸಿರುತ್ತಾರೆ, ನಿಮ್ಮ ಪರದೆ ಇರುವುದು 60ರಲ್ಲಿ. ಟೇಪಿನಲ್ಲಿ ಅಳೆದ ದೂರವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕಣ್ಣು ಪರೀಕ್ಷಿಸುವವರ ಕೈಗೆ ಕೊಡಿ.

ಪ್ರಶ್ನೆ: ಈಗಿರುವ 27 ಇಂಚಿನ ಫುಲ್ ಎಚ್‌ಡಿಯನ್ನೇ ಹಿಂದಕ್ಕೆ ತಳ್ಳಿದರೆ ಸಾಲದೇ?

ಚುಕ್ಕಿ ಮಾಯವಾಗಲು ಒಂದು ಮೀಟರ್‌ಗಿಂತ ತುಸು ಹೆಚ್ಚೇ ದೂರ ಬೇಕು. ಅಲ್ಲಿಂದ ಓದಲು ಅಕ್ಷರವನ್ನು ಮುಕ್ಕಾಲು ಪಾಲು ಹಿಗ್ಗಿಸಬೇಕಾಗುತ್ತದೆ, ಆಗ ಪರದೆಯಲ್ಲಿ ಅರ್ಧ ಪುಟವೂ ಹಿಡಿಸದು. ವಿಡಿಯೊ ನೋಡಲು ಸರಿ.

ಪ್ರಶ್ನೆ: 32 ಇಂಚಿನ 4ಕೆ ಹೇಗೆ?

ಕೂತಲ್ಲಿಂದ 70 ಸೆಂ.ಮೀ. ಬಿಡಲು ಮೇಜಿನಲ್ಲಿ ಜಾಗವಿದ್ದರೆ ಚೆನ್ನಾಗಿದೆ. ಆ ದೂರಕ್ಕೆ ಇಂಚಿಗೆ 125 ಚುಕ್ಕಿ ಬೇಕಾದಲ್ಲಿ 138 ಸಿಗುತ್ತದೆ. 60ರಲ್ಲಿ ಕೂತರೆ ಅಂಚಿನ ಸಾಲು ಓದಲು ದಿನವಿಡೀ ಕತ್ತು ತಿರುಗಿಸುತ್ತಿರಬೇಕು. ಅದೇ ಅಳತೆಯ 1440ಪಿ ಮಾತ್ರ ಬೇಡ, ಇಂಚಿಗೆ 92 ಚುಕ್ಕಿಯಷ್ಟೇ.

ಪ್ರಶ್ನೆ: ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿದರೆ ಅಕ್ಷರ ಸ್ಪಷ್ಟವಾಗುತ್ತದಂತೆ, ಹೌದೇ?

ಇಲ್ಲ. ಇದನ್ನು ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಬಣ್ಣದ ಗಾಜು ಚುಕ್ಕಿಯನ್ನು ಸಣ್ಣದು ಮಾಡುವುದಿಲ್ಲ. ಕಣ್ಣಿನ ಆಯಾಸದ ಮಾತಿಗೆ ಬಂದರೂ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಸಾಮಾನ್ಯ ಕನ್ನಡಕಕ್ಕಿಂತ ಇದರಿಂದ ಅಲ್ಪಾವಧಿಯಲ್ಲಿ ಹೆಚ್ಚಿನ ಉಪಯೋಗ ಇರಲಾರದು ಎಂದೇ ಹೇಳಿದೆ. ಆ ದುಡ್ಡನ್ನು ಸರಿಯಾದ ನಂಬರಿನ ಕನ್ನಡಕಕ್ಕೆ ಹಾಕಿ.

ಪ್ರಶ್ನೆ: ಹೊಸ 4ಕೆ ಮಾನಿಟರ್‌ನಲ್ಲಿ ಮೌಸ್ ಬಾಣ ಜಗ್ಗಿದಂತೆ ಚಲಿಸುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರದ ಅಂಚು ಮಸುಕು. ಪರದೆ ಕೆಟ್ಟಿದೆಯೇ?

ಮೊದಲು ಕೇಬಲ್ ಮತ್ತು ಪೋರ್ಟ್ ನೋಡಿ. ಎಚ್‌ಡಿಎಂಐ 1.4ರ ಪೋರ್ಟ್ 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ, ಬಾಣ ಜಗ್ಗುವುದು ಅದಕ್ಕೇ. ಅಕ್ಷರದ ಅಂಚು ಕಲಸಿದಂತೆ ಕಾಣುವುದು ಬಣ್ಣದ ಮಾಹಿತಿಯನ್ನು ಅರ್ಧಕ್ಕೆ ಇಳಿಸಿ ಕಳಿಸಿದಾಗ. ಡಿಸ್‌ಪ್ಲೇಪೋರ್ಟ್‌ಗೆ ಬದಲಿಸಿ, ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ 60 Hz ಮತ್ತು RGB ಇದೆಯೇ ಎಂದು ನೋಡಿ.

ಪ್ರಶ್ನೆ: 43 ಇಂಚಿನ 4ಕೆ ಟಿವಿಯನ್ನೇ ಮೇಜಿನ ಮೇಲೆ ಇಟ್ಟುಕೊಳ್ಳಲೇ?

60 ಸೆಂ.ಮೀ. ದೂರದ ಮೇಜಿಗೆ ಬೇಡ.