ಕ್ಲಿಪ್, ಕೂಡಿಸುವ ಚಿಹ್ನೆ, ಕ್ಯಾಮೆರಾ: ತೆಗೆದಿಟ್ಟ ಫೋಟೊ ಕಳುಹಿಸಲು ಯಾವುದನ್ನು ಒತ್ತಬೇಕು?

ಪ್ರಶ್ನೆ: ಅಡಿಕೆ ಸೋಗೆಯಲ್ಲಿ ಚುಕ್ಕೆ ಬಂದಿದೆ. ಕೃಷಿಭವನದವರು ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಹೇಳಿದ್ದಾರೆ. ನನ್ನ ಹಳೆಯ ಫೋನಿನಲ್ಲಿ ಕ್ಲಿಪ್‌ನ ಚಿತ್ರ ಇತ್ತು. ಮಗ ಗಲ್ಫಿನಿಂದ ತಂದುಕೊಟ್ಟ ಐಫೋನಿನಲ್ಲಿ ಅದು ಇಲ್ಲ, + ಇದೆ. ಕ್ಯಾಮೆರಾ ಒತ್ತಿದರೆ ತೆಗೆದಿಟ್ಟ ಫೋಟೊ ಬರುವುದಿಲ್ಲ, ಎದುರಿನ ನೆಲ ಕಾಣುತ್ತದೆ. ಯಾವುದನ್ನು ಒತ್ತಬೇಕು?

ಉತ್ತರ: + ಒತ್ತಿ. ನಿಮ್ಮ ಹಳೆಯ ಫೋನಿನ ಕ್ಲಿಪ್ ಮಾಡುತ್ತಿದ್ದ ಕೆಲಸವನ್ನೇ ಐಫೋನಿನಲ್ಲಿ + ಮಾಡುತ್ತದೆ. ಫೋನಿನಲ್ಲಿ ಈಗಾಗಲೇ ಇರುವ ಫೋಟೊ, ಕಡತ, ಸ್ಥಳ, ಯಾರದಾದರೂ ನಂಬರು, ಯಾವುದನ್ನೇ ಆಗಲಿ ಸಂದೇಶಕ್ಕೆ ಜೋಡಿಸುವ ಬಾಗಿಲು ಅದು. ಕ್ಯಾಮೆರಾದ ಚಿತ್ರ ಮುಖ್ಯವಾಗಿ ಈ ಕ್ಷಣದಲ್ಲಿ ಹೊಸ ಫೋಟೊ ತೆಗೆದು ಕಳುಹಿಸುವುದಕ್ಕೆ. ನಿಮಗೆ ನೆಲ ಕಂಡದ್ದು ಅದಕ್ಕಾಗಿಯೇ. ಫೋನು ಸರಿಯಾಗಿಯೇ ಇದೆ.

ಬದಿಯಡ್ಕದ ಕಡೆಯ ನಮ್ಮ ನೆರೆಕರೆಯಲ್ಲಿ ಎರಡೂ ಬಗೆಯ ಫೋನುಗಳಿವೆ. ಒಂದರಲ್ಲಿ ಮೆನು ಮಲಯಾಳದಲ್ಲಿರುತ್ತದೆ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ, ಮತ್ತೊಂದರಲ್ಲಿ ಕನ್ನಡದಲ್ಲಿ. ಹೀಗಾಗಿ ಯಾರಾದರೂ ಕರೆಮಾಡಿ ಕೇಳಿದಾಗ ನಾನು ಅಕ್ಷರ ಓದಿಸುವುದಿಲ್ಲ, ಚಿತ್ರ ಎಲ್ಲಿದೆ ಎಂದು ಹೇಳುತ್ತೇನೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್‌ನಲ್ಲಿ ಕ್ಲಿಪ್ ಇರುವುದು ಬರೆಯುವ ಪೆಟ್ಟಿಗೆಯ ಒಳಗೆ, ಬಲಗಡೆ. ಅದರ ಪಕ್ಕದಲ್ಲಿ ಕ್ಯಾಮೆರಾ. ಐಫೋನಿನಲ್ಲಿ + ಪೆಟ್ಟಿಗೆಯ ಎಡಕ್ಕೆ, ಕ್ಯಾಮೆರಾ ಬಲಕ್ಕೆ. ನೀವು ಒಂದಕ್ಷರ ಬರೆಯಲು ತೊಡಗಿದರೂ ಕ್ಯಾಮೆರಾ ಮಾಯವಾಗುತ್ತದೆ, ಮೈಕ್ ಇದ್ದಲ್ಲಿ ಕಳುಹಿಸುವ ಬಾಣ ಬರುತ್ತದೆ. ಬರೆದದ್ದನ್ನು ಅಳಿಸಿದರೆ ಎರಡೂ ಮರಳಿ ಬರುತ್ತವೆ. ಕ್ಲಿಪ್ ಮತ್ತು + ಮಾತ್ರ ಆಗಲೂ ಇದ್ದಲ್ಲೇ ಇರುತ್ತವೆ. ಪರದೆಯ ಮೇಲ್ಭಾಗದಲ್ಲಿ, ಹೆಸರಿನ ಸಾಲಿನಲ್ಲಿ, ಇನ್ನೊಂದು ಕ್ಯಾಮೆರಾ ಇದೆಯಲ್ಲ, ಅದನ್ನು ಮುಟ್ಟಬೇಡಿ. ಅದು ವೀಡಿಯೊ ಕರೆಯ ಚಿಹ್ನೆ. ಕೃಷಿ ಅಧಿಕಾರಿಯ ಫೋನು ರಿಂಗಾಗಿಬಿಡಬಹುದು.

+ ಒತ್ತಿದ ಮೇಲೆ ಬರುವ ಸಾಲುಗಳಲ್ಲಿ Photos ಆರಿಸಿ. ಆಂಡ್ರಾಯ್ಡಿನಲ್ಲಿ ಅದೇ ಜಾಗಕ್ಕೆ Gallery ಎಂದಿರುತ್ತದೆ. ಸೋಗೆಯ ಫೋಟೊ ಮುಟ್ಟಿದರೆ ಅದು ದೊಡ್ಡದಾಗಿ ಕಾಣುತ್ತದೆ, ಇನ್ನೂ ಹೋಗಿರುವುದಿಲ್ಲ. ಕೆಳಗಿನ ಜಾಗದಲ್ಲಿ ತೋಟ ಎಲ್ಲಿದೆ, ಚುಕ್ಕೆ ಯಾವಾಗ ಕಂಡಿತು ಎಂದು ಒಂದು ಸಾಲು ಬರೆಯಿರಿ. ಅದೇ ಜಾಗದಲ್ಲಿ ವೃತ್ತದೊಳಗೆ 1 ಎಂಬ ಅಂಕೆ ಕಾಣಿಸಿದರೆ ಅದನ್ನು ಒತ್ತಬೇಡಿ. ಒತ್ತಿದರೆ ಅಧಿಕಾರಿಗೆ ಆ ಫೋಟೊವನ್ನು ಒಂದೇ ಸಲ ತೆರೆಯಲು ಸಾಧ್ಯ. ಇನ್ನೊಬ್ಬರಿಗೆ ತೋರಿಸೋಣವೆಂದರೆ ಅದು ಇರುವುದಿಲ್ಲ. ಎಲ್ಲವೂ ಸರಿಯಿದ್ದರೆ ಬಾಣ ಒತ್ತಿ.

ಇಷ್ಟರಿಂದ ಫೋಟೊ ತಲುಪುತ್ತದೆ. ಆದರೆ ಚುಕ್ಕೆ ತಲುಪುತ್ತದೆಯೇ ಎಂಬುದು ಬೇರೆಯೇ ವಿಷಯ, ನಿಮ್ಮ ಕೆಲಸಕ್ಕೆ ಬೇಕಾದದ್ದೂ ಅದೇ. ಸಾಮಾನ್ಯವಾಗಿ ಕಳುಹಿಸುವಾಗ ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ. ಫೋನಿನ 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಉದ್ದಕ್ಕೆ ಸುಮಾರು 4000 ಬಿಂದುಗಳಿರುತ್ತವೆ. ಕುಗ್ಗಿದ ಮೇಲೆ ಉಳಿಯುವುದು ಸುಮಾರು 1600. ನೀವು ದೂರದಿಂದ ಒಂದು ಮೀಟರಿನಷ್ಟು ಸೋಗೆಯನ್ನು ಸೆರೆಹಿಡಿದಿದ್ದೀರಿ ಎಂದುಕೊಳ್ಳಿ. ಎರಡು ಮಿಲಿಮೀಟರಿನ ಚುಕ್ಕೆಗೆ ಮೂಲ ಫೋಟೊದಲ್ಲಿ ಎಂಟು ಬಿಂದುಗಳ ಅಗಲ ಸಿಗುತ್ತದೆ, ಕಳುಹಿಸಿದ್ದರಲ್ಲಿ ಮೂರು. ಕಂದು ಚುಕ್ಕೆಯ ಸುತ್ತಲಿನ ಹಳದಿ ಅಂಚು, ಎಲೆಚುಕ್ಕೆ ರೋಗವನ್ನು ಗುರುತಿಸಲು ನೋಡುವ ಆ ಅಂಚು, ಮೂರು ಬಿಂದುಗಳಲ್ಲಿ ಕಾಣುವುದಿಲ್ಲ. ಅಧಿಕಾರಿ ಎಷ್ಟು ದೊಡ್ಡದು ಮಾಡಿ ನೋಡಿದರೂ ಮಸುಕು ಕಲೆಯಷ್ಟೇ.

ಇದಕ್ಕೆ ಮೊದಲ ಪರಿಹಾರ ಹತ್ತಿರ ಹೋಗುವುದು. ಫೋಟೊದ ಉದ್ದದಲ್ಲಿ ಸೋಗೆಯ ಒಂದು ಗೇಣು ಮಾತ್ರ, ಅಂದರೆ ಸುಮಾರು 20 ಸೆಂಟಿಮೀಟರ್, ತುಂಬುವಂತೆ ತೆಗೆದರೆ ಕುಗ್ಗಿದ ಮೇಲೂ ಅದೇ ಚುಕ್ಕೆಗೆ ಹದಿನಾರು ಬಿಂದುಗಳಿರುತ್ತವೆ. ಇಡೀ ಮರದ್ದೊಂದು, ಒಂದು ಗೇಣು ಸೋಗೆಯದ್ದೊಂದು ಫೋಟೊ ಸಾಕು. ಅವನ್ನು ಫೋನಿನ ಸ್ವಂತ ಕ್ಯಾಮೆರಾದಲ್ಲಿ ತೆಗೆಯಿರಿ, ವಾಟ್ಸ್ಆ್ಯಪ್‌ನ ಒಳಗಿನ ಕ್ಯಾಮೆರಾದಲ್ಲಿ ಬೇಡ. ಫೋನಿನದ್ದರಲ್ಲಿ ಹತ್ತಿರದ ವಸ್ತು ಹೆಚ್ಚು ಸ್ಪಷ್ಟವಾಗಿ ಬರುತ್ತದೆ, ಸರಿಯಾಗಿದೆಯೇ ಎಂದು ದೊಡ್ಡದು ಮಾಡಿ ನೋಡಿಕೊಂಡು ಆಮೇಲೆ ಕಳುಹಿಸಬಹುದು. ಗಾಳಿಗೆ ಸೋಗೆ ಅಲ್ಲಾಡುತ್ತಿದ್ದರೆ ಒಂದು ತುಂಡನ್ನು ಕತ್ತರಿಸಿ ನೆರಳಿನಲ್ಲಿ ಬಿಳಿ ಕಾಗದದ ಮೇಲಿಟ್ಟು ತೆಗೆಯಿರಿ.

ಎರಡನೆಯದು, ಕಳುಹಿಸುವ ಮೊದಲು ಪರದೆಯ ಮೇಲ್ಭಾಗದಲ್ಲಿರುವ HD ಎಂಬುದನ್ನು ಒತ್ತುವುದು. ಆಗ ಕುಗ್ಗಿಸುವುದು ಕಡಿಮೆಯಾಗುತ್ತದೆ. ಮೂಲ ಫೋಟೊ ಇದ್ದ ಹಾಗೆಯೇ ಹೋಗಬೇಕೆಂದರೆ + ಒತ್ತಿ Photos ಬಿಟ್ಟು Document ಆರಿಸಬೇಕು, ಅದರೊಳಗೆ ಫೋಟೊ ಆರಿಸುವ ಸಾಲು ಇರುತ್ತದೆ. ಹೀಗೆ ಹೋದ ಫೋಟೊದ ಜೊತೆಗೆ ಕಡತದ ಹೆಸರು ಮತ್ತು ಗಾತ್ರ ಬರೆದಿರುತ್ತದೆ, ಅದರಿಂದ ಗುರುತು ಹಿಡಿಯಬಹುದು. ಗಾತ್ರ ಹಲವು ಎಂಬಿ ಆಗುವುದರಿಂದ ನೆಟ್‌ವರ್ಕ್ ಸರಿಯಾಗಿ ಸಿಗದ ಗುಡ್ಡದ ಬದಿಯಲ್ಲಿ ನಿಂತು ಕಳುಹಿಸಿದರೆ ಸುತ್ತುತ್ತಲೇ ಇರುತ್ತದೆ. ಇನ್ನೊಂದು ವಿಷಯ: ಕ್ಯಾಮೆರಾಕ್ಕೆ ಸ್ಥಳದ ಅನುಮತಿ ಕೊಟ್ಟಿದ್ದರೆ, ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ Document ಆಗಿ ಹೋದ ಫೋಟೊದೊಳಗೆ ಉಳಿದಿರಬಹುದು. ಕೃಷಿಭವನಕ್ಕೆ ತೋಟದ ಜಾಗ ಗೊತ್ತಾದರೆ ತೊಂದರೆಯಿಲ್ಲ. ಗುರುತಿಲ್ಲದವರಿಗೆ ಮನೆಯ ಫೋಟೊವನ್ನು ಹೀಗೆ ಕಳುಹಿಸಬೇಡಿ.

ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಹತ್ತಿರದ ಫೋಟೊವನ್ನು HD ಒತ್ತಿ Photos ಮೂಲಕ ಕಳುಹಿಸುತ್ತಿದ್ದೆ. ಅವರು ಇನ್ನೂ ಸ್ಪಷ್ಟವಾದದ್ದನ್ನು ಕೇಳಿದರೆ ಮಾತ್ರ Document.

ಟೆಲಿಗ್ರಾಂನಲ್ಲಿ ಐಫೋನಿನಲ್ಲೂ ಕ್ಲಿಪ್ ಚಿತ್ರವೇ ಇದೆ, ಸಿಗ್ನಲ್‌ನಲ್ಲಿ ಆಂಡ್ರಾಯ್ಡಿನಲ್ಲೂ + ಇದೆ. ಆದ್ದರಿಂದ ಚಿಹ್ನೆ ಫೋನಿನ ಕಂಪನಿಗೆ ಅಂಟಿಕೊಂಡದ್ದೆಂದು ತಿಳಿಯಬೇಡಿ. ಆ್ಯಪ್ ಬದಲಾದರೆ ಚಿಹ್ನೆಯೂ ಬದಲಾದೀತು.

ಹೊಸ ಐಫೋನಾದ್ದರಿಂದ ಮತ್ತೊಂದು ಅಡ್ಡಿ ಬರಬಹುದು. Photos ತೆರೆದಾಗ ಎಲ್ಲ ಫೋಟೊ ನೋಡಲು ಬಿಡಬೇಕೇ, ಆರಿಸಿದವನ್ನು ಮಾತ್ರ ತೋರಿಸಬೇಕೇ ಎಂದು ಫೋನು ಮೊದಲ ಸಲ ಕೇಳುತ್ತದೆ. ಎರಡನೆಯದನ್ನು ಒತ್ತಿದ್ದರೆ ಇಂದು ತೆಗೆದ ಸೋಗೆಯ ಫೋಟೊ ಪಟ್ಟಿಯಲ್ಲಿ ಕಾಣದೆ ಹೋಗಬಹುದು. ಅದು ಅಳಿಸಿಹೋಗಿಲ್ಲ. ಫೋನಿನ Settings ತೆರೆದು, ಆ್ಯಪ್‌ಗಳ ಪಟ್ಟಿಯಲ್ಲಿ WhatsApp ಹುಡುಕಿ, ಅದರೊಳಗಿನ Photos ಸಾಲಿನಲ್ಲಿ ಎಲ್ಲ ಫೋಟೊಗಳಿಗೂ ಅನುಮತಿ ಕೊಡಿ. ಎಲ್ಲವನ್ನೂ ತೋರಿಸಲು ಮನಸ್ಸಿಲ್ಲದಿದ್ದರೆ ಅಲ್ಲಿಯೇ ಸೋಗೆಯ ಫೋಟೊವನ್ನಷ್ಟೇ ಆರಿಸಿದ ಪಟ್ಟಿಗೆ ಸೇರಿಸಬಹುದು. ಆಮೇಲೆ ಚಾಟ್‌ಗೆ ಮರಳಿ ಮತ್ತೆ + ಒತ್ತಿ ನೋಡಿ.