ಕಣಜದ ಹತ್ತಿರದ ಗುಳಿ ಮೊದಲು

ಪ್ರಶ್ನೆ: ಚಿಕ್ಕಂದಿನಿಂದ ಅಳಗುಳಿ ಮಣೆ ಆಡಿದವಳು ನಾನು. ಈಗ ಮಗಳು ಮೊಬೈಲಿನಲ್ಲಿ ಕಲಾಹ್ ಅನ್ನೋ ಅದೇ ಥರದ ಗುಳಿ-ಕಾಳಿನ ಆಟ ಆಡೋಣ ಅಂತಾಳೆ. ಅವಳು ಒಂದೇ ಸಲಕ್ಕೆ ನಾಲ್ಕೈದು ಸರದಿ ಆಡಿಬಿಡುತ್ತಾಳೆ, ನನಗೆ ಒಂದರ ಮೇಲೆ ಸಿಗೋದೇ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಅಳಗುಳಿ ಮಣೆಯ ಅಭ್ಯಾಸವೇ ಅಡ್ಡ ಬರುತ್ತಿರಬೇಕು. ಅಲ್ಲಿ ಕೈಯಲ್ಲಿನ ಕಾಳು ಮುಗಿದರೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಹಂಚುತ್ತಾ ಹೋಗುತ್ತೇವೆ. ಮುಂದಿನದು ಬರಿದಾಗಿದ್ದರೆ ಅದನ್ನು ಸವರಿ ಆಚೆಯದನ್ನು ಬಾಚಿಕೊಳ್ಳುತ್ತೇವೆ. ಕಲಾಹ್‌ನಲ್ಲಿ ಇದು ಯಾವುದೂ ಇಲ್ಲ. ಕಡೆಯ ಕಾಳು ನಿಮ್ಮ ಕಣಜಕ್ಕೆ, ಅಂದರೆ ಬಲತುದಿಯ ದೊಡ್ಡ ಗುಳಿಗೆ ಬಿದ್ದರೆ ಮಾತ್ರ ಇನ್ನೊಂದು ಸರದಿ.

ಗುಳಿಗಳನ್ನು ಕಣಜದ ಕಡೆಯಿಂದ ಎಣಿಸಿ: ಒಂದು, ಎರಡು, ಹೀಗೆ ಆರರವರೆಗೆ. ಗುಳಿಯ ನಂಬರೂ ಅದರಲ್ಲಿನ ಕಾಳೂ ಒಂದೇ ಆದರೆ ಆ ಗುಳಿ ಸರದಿ ಕೊಡುತ್ತದೆ. ಆಟದ ಶುರುವಿನಲ್ಲಿ ಎಲ್ಲದರಲ್ಲೂ 4 ಕಾಳು ಇರುತ್ತವಲ್ಲ, ಹಾಗಾಗಿ ಮೊದಲು ಆಡುವವರಿಗೆ ನಾಲ್ಕನೇ ಗುಳಿ ರೆಡಿಯಾಗಿಯೇ ಇರುತ್ತದೆ.

ಮಗಳು ಗೆಲ್ಲುತ್ತಿರುವುದು ಮಾತ್ರ ಕ್ರಮದಲ್ಲಿ. ನಿಮ್ಮ ಮೂರನೇ ಗುಳಿಯಲ್ಲಿ 3, ಎರಡನೆಯದರಲ್ಲಿ 2, ಒಂದನೆಯದರಲ್ಲಿ 1 ಕಾಳು ಇವೆ ಅನ್ನಿ. ಆರನೆಯದರಲ್ಲಿ 4, ಉಳಿದವು ಖಾಲಿ. ಆಸೆಗೆ ಬಿದ್ದು ಮೂರನೆಯದನ್ನು ಮೊದಲು ಎತ್ತಿದರೆ ಒಂದು ಸರದಿ ಸಿಗುತ್ತದೆ. ಆದರೆ ಎರಡನೆಯದರಲ್ಲಿ 3, ಒಂದನೆಯದರಲ್ಲಿ 2 ಆಗಿ ಎರಡೂ ಕೆಟ್ಟವು.

ಈಗ ಹತ್ತಿರದಿಂದ ಆಡಿ ನೋಡಿ. ಒಂದನೆಯದು ಕಣಜಕ್ಕೆ. ಆಮೇಲೆ ಎರಡನೆಯದು: ಒಂದು ಕಾಳು ಒಂದನೇ ಗುಳಿಗೆ, ಒಂದು ಕಣಜಕ್ಕೆ. ಮತ್ತೆ ಒಂದನೆಯದು. ಆಗ ಮೂರನೆಯದನ್ನು ಎತ್ತಿ. ಎರಡು ಗುಳಿಗೆ ಒಂದೊಂದು ಬಿದ್ದು ಮೂರನೇ ಕಾಳು ಕಣಜ ಸೇರುತ್ತದೆ. ಪುನಃ ಒಂದನೆಯದು. ಐದು ಸರದಿ, ಐದು ಕಾಳು.

ಈಗ ಎರಡನೇ ಗುಳಿಯಲ್ಲಿ ಒಂಟಿ ಕಾಳಿದೆ, ಪಕ್ಕದ ಒಂದನೇ ಗುಳಿ ಖಾಲಿ. ಅದನ್ನು ಅಲ್ಲಿಗೆ ಸರಿಸಿ. ಕಡೆಯ ಕಾಳು ನಿಮ್ಮದೇ ಖಾಲಿ ಗುಳಿಗೆ ಬಿದ್ದರೆ, ಆ ಕಾಳೂ ಎದುರಿನ ಗುಳಿಯದ್ದೆಲ್ಲವೂ ನಿಮಗೆ. ನಿಮ್ಮ ಒಂದನೆಯದರ ಎದುರಿಗಿರುವುದು ಮಗಳ ಆರನೇ ಗುಳಿ. ಅದರಲ್ಲಿ ಅವಳು 6 ಕೂಡಿಟ್ಟು ಸರದಿಗೆ ಕಾಯುತ್ತಿದ್ದರೆ, 7 ಕಾಳು ಬಂತು, ಅವಳ ಲೆಕ್ಕವೂ ಹಾಳಾಯಿತು! ಇಲ್ಲಿಗೆ ನಿಮ್ಮ ಸರದಿ ಮುಗಿಯಿತು. ಎದುರಿನದು ಖಾಲಿಯಿದ್ದಾಗ ಏನು ಅನ್ನುವುದು ಮಾತ್ರ ಆ್ಯಪಿನಿಂದ ಆ್ಯಪಿಗೆ ಬೇರೆ. ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮಾತು. ಅವಳ ಕಾಳು ನಿಮ್ಮ ಸಾಲಿಗೆ ಬರುವಾಗ ಮೊದಲು ತುಂಬುವುದು ಆರನೇ ಗುಳಿ, ನಂತರ ಐದನೆಯದು. ಅಲ್ಲಿ ಮಾಡಿಟ್ಟ ಲೆಕ್ಕ ಬೇಗ ಕೆಡುತ್ತದೆ. ಹಾಗಾಗಿ ಆರರಲ್ಲಿ ಸರಿಯಾಗಿ 6 ಕಾಳು ಬಂದು, ಅವಳ ಒಂದೆರಡು ಗುಳಿ ನಿಮ್ಮ ಕಡೆಗೆ ದಾಟುವಷ್ಟು ತುಂಬಿದ್ದರೆ, ಹತ್ತಿರದ ರೆಡಿ ಗುಳಿಗಳನ್ನು ಮುಗಿಸಿ ಅದೇ ಸಲಕ್ಕೆ ಆರನ್ನೂ ಆಡಿಬಿಡಿ. ಮುಂದಿನ ಸಲಕ್ಕೆ ಅಂತ ಇಟ್ಟುಕೊಳ್ಳಬೇಡಿ.