ತಿದ್ದಿದರೆ ಸಿಕ್ಕಿಬೀಳುವ ಲೆಡ್ಜರ್

*ಬ್ಲಾಕ್‌ಚೈನ್ ಲೆಡ್ಜರ್‌ನಲ್ಲಿ ಒಮ್ಮೆ ಬರೆದದ್ದನ್ನು ತಿದ್ದಲಾಗದು ಎಂದು ನಮ್ಮ ಮೇಷ್ಟ್ರು ಹೇಳಿದರು. ಕಂಪ್ಯೂಟರ್‌ನಲ್ಲಿ ಇರುವುದನ್ನು ಯಾಕೆ ತಿದ್ದಲಾಗದು? ನನಗೆ ಕೋಡಿಂಗ್ ಬರುವುದಿಲ್ಲ, ಲೆಕ್ಕ ಬರುತ್ತದೆ.*
*— ಬಿ.ಕಾಂ. ವಿದ್ಯಾರ್ಥಿನಿ, ಚಿಕ್ಕಮಗಳೂರು*

ತಿದ್ದಬಹುದು ಕಣಮ್ಮ. ತಿದ್ದಿದ್ದನ್ನು ಮುಚ್ಚಿಡುವುದು ಕಷ್ಟ. ಲೆಕ್ಕ ಬರುತ್ತದೆ ಅಂದಿರಲ್ಲ, ಪೆನ್ಸಿಲ್ ಹಿಡಿಯಿರಿ.

ನಿಮ್ಮೂರಿನ ಕಾಫಿ ವ್ಯಾಪಾರಿಯೊಬ್ಬರ ಖಾತೆಯಲ್ಲಿ ದಿನಕ್ಕೊಂದು ಪುಟ ಅಂದುಕೊಳ್ಳಿ. ಸೋಮವಾರ 40 ಚೀಲ ಬಂತು, ಮಂಗಳವಾರ 25, ಬುಧವಾರ 60. ಪ್ರತಿ ಪುಟದ ಅಡಿಯಲ್ಲಿ ಒಂದು ಮೊಹರಿನ ಸಂಖ್ಯೆ ಬರೆಯಬೇಕು. ಹಿಂದಿನ ಪುಟದ ಮೊಹರನ್ನು 7ರಿಂದ ಗುಣಿಸಿ, ಇಂದಿನ ಚೀಲಗಳನ್ನು ಕೂಡಿಸಿ, 97ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಇಂದಿನ ಮೊಹರು. ಮೊದಲ ಪುಟಕ್ಕೆ ಹಿಂದಿನ ಮೊಹರು ಸೊನ್ನೆ. ಹಾಗಾಗಿ ಸೋಮವಾರದ್ದು 40. ಮಂಗಳವಾರ 280ಕ್ಕೆ 25 ಸೇರಿ 305, ಶೇಷ 14. ಬುಧವಾರ 98ಕ್ಕೆ 60 ಸೇರಿ 158, ಶೇಷ 61.

ಈಗ ಗುಮಾಸ್ತ ಸೋಮವಾರದ 40ನ್ನು ಸದ್ದಿಲ್ಲದೆ 46 ಮಾಡಿದ. ಮೊಹರುಗಳು ಕ್ರಮವಾಗಿ 46, 56, 64 ಆಗಬೇಕು. ಮುಟ್ಟಿದ್ದು ಒಂದೇ ಪುಟವನ್ನು, ಕೆಟ್ಟದ್ದು ಮೂರೂ.

ಅವನು ಮೂರನ್ನೂ ಹೊಸದಾಗಿ ಬರೆದುಬಿಟ್ಟರೆ? ಬರೆಯಬಹುದು, ಖಾತೆ ಒಂದೇ ಇದ್ದರೆ. ಅದಕ್ಕೇ ಇದೇ ಖಾತೆಯ ಒಂದೊಂದು ನಕಲು ಬೆಳೆಗಾರನಲ್ಲೂ ಕ್ಯೂರಿಂಗ್ ವರ್ಕ್ಸ್‌ನಲ್ಲೂ ರಫ್ತುದಾರನಲ್ಲೂ ಇರುತ್ತದೆ. ಸಂಜೆ ಕೊನೆಯ ಮೊಹರನ್ನಷ್ಟೇ ಹೋಲಿಸಿದರೆ ಸಾಕು. ಮಿಕ್ಕವರಲ್ಲಿ 61, ಇವನೊಬ್ಬನಲ್ಲಿ 64. ಹೆಚ್ಚಿನವರು ಒಟ್ಟಾಗಿ ಮೋಸಕ್ಕಿಳಿದರೆ ಮಾತ್ರ ಈ ಕಾವಲು ಮುರಿಯುತ್ತದೆ.

ನಮ್ಮ ಪೆನ್ಸಿಲ್ ನಿಯಮ ಸುಲಭವಾಗಿ ಮೋಸಹೋಗುತ್ತದೆ ಅನ್ನಿ: ಸೋಮವಾರ 137 ಚೀಲ ಎಂದು ಬರೆದರೂ ಶೇಷ 40 ಎಂದೇ ಬರುತ್ತದೆ! ಬಿಟ್‌ಕಾಯಿನ್‌ನಲ್ಲಿ ಈ ಜಾಗದಲ್ಲಿರುವುದು ಎಸ್‌ಎಚ್‌ಎ-256 ಎಂಬ ಸೂತ್ರ. ಅದರ ಮೊಹರನ್ನು ಸಾಮಾನ್ಯವಾಗಿ 64 ಅಕ್ಷರ-ಅಂಕಿಗಳಲ್ಲಿ ಬರೆಯುತ್ತಾರೆ. ಒಂದು ಚುಕ್ಕೆ ಬದಲಾದರೂ ಮೊಹರು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಅದೇ ಮೊಹರು ಬರುವ ಇನ್ನೊಂದು ಬರಹವನ್ನು ಈವರೆಗೆ ಯಾರೂ ಹುಡುಕಿ ತೋರಿಸಿಲ್ಲ. ಆ ಮೊಹರಿಗೆ ಹ್ಯಾಶ್ ಎಂದು ಹೆಸರು, ಪುಟಕ್ಕೆ ಬ್ಲಾಕ್ ಎಂದು.

ಪ್ರಾಮಾಣಿಕವಾಗಿ ತಪ್ಪು ಬರೆದರೆ ಏನು ಗತಿ? ಅದು ನಿಮಗೇ ಗೊತ್ತು. ಹಳೆಯ ನಮೂದನ್ನು ಅಳಿಸದೆ, ಹೊಸ ಪುಟದಲ್ಲಿ ತಿದ್ದುಪಡಿ ಎಂಟ್ರಿ ಹಾಕುವುದು.

2019ರಲ್ಲಿ ಕಾಫಿ ಮಂಡಳಿಯ ಬ್ಲಾಕ್‌ಚೈನ್ ಮಾರುಕಟ್ಟೆ ಪ್ರಾಯೋಗಿಕವಾಗಿ ಶುರುವಾದಾಗ ನನಗೆ ಕಾಡಿದ್ದು ಬೇರೆಯದೇ ಪ್ರಶ್ನೆ. ರೊಬಸ್ಟಾ ತುಂಬಿದ ಚೀಲವನ್ನು ಯಾರಾದರೂ ಅರೇಬಿಕಾ ಎಂದು ಬರೆದರೆ, ಲೆಡ್ಜರ್ ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ಚೀಲ ಬಿಚ್ಚಿ ಬೀಜ ನೋಡಲು ಆಗಲೂ ಒಬ್ಬ ಮನುಷ್ಯ ಬೇಕು.